ಒಂದೇ ವಿಳಾಸದ ಎರಡು ಬಿಳಿಹಕ್ಕಿ

ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಅವಳಿಗೆ ಜರಡಿ ಎಂದು ಹೆಸರು ಬಿದ್ದದ್ದು ಹೊಗಳಿಕೆಗಾಗಿಯೇ. ಇಟ್ಟವರು ಚಾಳೀಸು. ಮೂಗಿನ ತುದಿಯಲ್ಲಿ ಚಾಳೀಸು ಕನ್ನಡಕ ತೂಗಿಸಿಕೊಂಡೇ ಅರ್ಧ ಆಯುಷ್ಯ ಕಳೆದ ಹಿರಿಯ ಗುಮಾಸ್ತರಿಗೆ ಆ ಹೆಸರನ್ನು ಕೊಟ್ಟವಳು ಅವಳೇ ಆದ್ದರಿಂದ ಇಬ್ಬರೂ ಸರಿಸಮ.

ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ. ಒಂದು ಕಡೆ ಬಟ್ಟೆ ಒಗೆಯುವ ಲಾಂಡ್ರಿ, ಇನ್ನೊಂದು ಕಡೆ ಸ್ಟೋರು. ಲಾಂಡ್ರಿಯ ಯಂತ್ರಗಳು ತಿರುಗುವಾಗ ಮೇಜಿನ ಮೇಲಿನ ಚಹದ ಲೋಟದಲ್ಲಿ ಸಣ್ಣ ಅಲೆ ಏಳುತ್ತಿತ್ತು. ಅಲ್ಲಿ ಕೂತು ಜರಡಿ ಮಾಡುತ್ತಿದ್ದ ಕೆಲಸವನ್ನು ಹೇಳುವುದು ಸುಲಭ, ಮಾಡುವುದು ತಲೆನೋವು. ಆಸ್ಪತ್ರೆಗೆ ಸಾಮಾನು ಕೊಡುವ ಪ್ರತಿಯೊಬ್ಬರಿಗೂ ಕಂಪ್ಯೂಟರಿನಲ್ಲಿ ಒಂದೇ ಒಂದು ದಾಖಲೆ ಇರಬೇಕು, ಒಂದು ನಂಬರು ಇರಬೇಕು. ಆ ದಾಖಲೆಗಳನ್ನೆಲ್ಲ ಸೇರಿಸಿ ವೆಂಡರ್ ಮಾಸ್ಟರ್ ಎನ್ನುತ್ತಿದ್ದರು. ಆದರೆ ಬಿಲ್ಲುಗಳು ಹಾಗೆ ಬರುವುದಿಲ್ಲವಲ್ಲ. ಕೈಗವಸು ಕೊಡುವ ಒಂದೇ ಕಂಪನಿ ಒಮ್ಮೆ ಪೂರ್ತಿ ಹೆಸರು ಬರೆದರೆ ಇನ್ನೊಮ್ಮೆ ಮೊದಲಕ್ಷರಗಳನ್ನಷ್ಟೇ ಬರೆಯುತ್ತದೆ. ಮತ್ತೊಮ್ಮೆ ಬಾಲಕ್ಕೆ ಊರಿನ ಹೆಸರು ಕಟ್ಟಿಕೊಂಡು ಬರುತ್ತದೆ. ಬಿಲ್ಲು ಏರಿಸುವವನು ಹಳೆಯ ದಾಖಲೆ ಸಿಗಲಿಲ್ಲವೆಂದು ಹೊಸದೊಂದನ್ನು ತೆರೆದುಬಿಡುತ್ತಾನೆ. ಒಬ್ಬ ಮನುಷ್ಯ ಕಂಪ್ಯೂಟರಿನೊಳಗೆ ನಾಲ್ಕು ಜನ ಆಗುತ್ತಾನೆ. ಆಮೇಲೆ ಒಂದೇ ಬಿಲ್ಲಿಗೆ ಎರಡು ನಂಬರಿನಲ್ಲಿ ಎರಡು ಸಲ ಹಣ ಹೋಗುತ್ತದೆ. ಇಲ್ಲವೇ ಕಳಪೆ ಮಾಲು ಕೊಟ್ಟು ತಡೆಹಿಡಿಸಿಕೊಂಡವನು ಇನ್ನೊಂದು ಹೆಸರಿನಲ್ಲಿ ಹಿಂಬಾಗಿಲಿನಿಂದ ಬಂದು ಕೂರುತ್ತಾನೆ.

ಈ ಎರಡನೆಯ ಜಾತಿಯವನೊಬ್ಬನನ್ನು ಜರಡಿ ಹಿಡಿದಿದ್ದಳು. ಉಸಿರಾಟದ ಮಾಸ್ಕ್ ಕೊಡುತ್ತಿದ್ದವನು. ಹೆಸರಿನ ಮುಂದೆ 'ನ್ಯೂ' ಎಂದು ಅಂಟಿಸಿಕೊಂಡು, ವಿಳಾಸ ಬದಲಿಸಿ, ಫೋನ್ ಬದಲಿಸಿ ಬಂದಿದ್ದ. ಬ್ಯಾಂಕ್ ಖಾತೆ ಬದಲಿಸಲು ಮರೆತಿದ್ದ. ಅವಳು ಖಾತೆಯ ಅಂಕೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗ ಮ್ಯಾನೇಜರು ಇಡೀ ಸಭೆಯ ಮುಂದೆ ಬೆನ್ನು ತಟ್ಟಿದ್ದರು. ಸೂಚನಾ ಫಲಕದಲ್ಲಿ ಅವಳ ಫೋಟೋ ಬಂತು. ಕಣ್ಣು ಅರ್ಧ ಮುಚ್ಚಿದ್ದ ಫೋಟೋ, ಆದರೂ ಬಂತು.

ತನ್ನ ಮೇಜಿನ ಎದುರಿನ ಗೋಡೆಗೆ ಅವಳು ಒಂದು ಹಾಳೆ ಅಂಟಿಸಿದ್ದಳು. ಸ್ವಂತ ಕೈಬರಹ. ಹೆಸರು ಹೋಲಿದರೆ ಸಾಲದು. ವಿಳಾಸ, ಫೋನು ಹೋಲಿದರೂ ಸಾಲದು. ತೆರಿಗೆ ನಂಬರು ಇಲ್ಲವೇ ಬ್ಯಾಂಕ್ ಖಾತೆ, ಎರಡರಲ್ಲಿ ಒಂದಾದರೂ ಹೊಂದಬೇಕು. ದಾಖಲೆಯಲ್ಲಿ ಇಲ್ಲದಿದ್ದರೆ ಬಿಲ್ಲಿನ ಪ್ರತಿ ತೆಗೆದು ನೋಡಬೇಕು. ಅನುಮಾನವಿದ್ದರೆ ದಾಖಲೆಯಲ್ಲಿರುವ ಫೋನಿಗೆ ಕರೆ ಮಾಡಿ ಕೇಳಬೇಕು. ಹೊಸದಾಗಿ ಸೇರಿದವರಿಗೆ ಅವಳು ಆ ಹಾಳೆಯನ್ನು ಬೆರಳಿಟ್ಟು ಓದಿಸುತ್ತಿದ್ದಳು.

ಆಡಿಟ್ ಹತ್ತಿರ ಬಂದಿತ್ತು. ಕಂಪ್ಯೂಟರು ಅನುಮಾನದ ಜೋಡಿಗಳ ಪಟ್ಟಿಯೊಂದನ್ನು ಕಕ್ಕಿತ್ತು: ಈ ದಾಖಲೆ ಆ ದಾಖಲೆಗೆ ಇಷ್ಟು ಶೇಕಡಾ ಹೋಲುತ್ತದೆ ಎಂದು. ಮ್ಯಾನೇಜರು ದಿನಕ್ಕೆರಡು ಸಲ ಬಾಗಿಲಲ್ಲಿ ನಿಂತು "ಇನ್ನೂ ಎಷ್ಟಿದೆ?" ಎನ್ನುತ್ತಿದ್ದರು. ಕೆಲಸದ ಬಗ್ಗೆ ಅವರಿಗೆ ಗೊತ್ತಿದ್ದ ಪ್ರಶ್ನೆ ಅದೊಂದೇ.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಪರದೆಯ ಮೇಲೆ ಬಂದ ಜೋಡಿ ಇದು: ಬಿಳಿಹಕ್ಕಿ ಲಿನನ್, ನ್ಯೂ ಬಿಳಿಹಕ್ಕಿ ಲಿನನ್.

ಮೊದಲನೆಯದು ತಡೆಹಿಡಿದ ದಾಖಲೆ. ಅವರು ಕೊಟ್ಟ ಹಾಸಿಗೆ ಹೊದಿಕೆಗಳು ಲಾಂಡ್ರಿಯಲ್ಲಿ ಬಣ್ಣ ಬಿಟ್ಟು, ಅಂಚಿನ ಹೊಲಿಗೆ ಬಿಚ್ಚಿಕೊಂಡು ದೊಡ್ಡ ರಂಪವಾಗಿತ್ತು. ಎರಡನೆಯದು ಚಾಲ್ತಿಯಲ್ಲಿದ್ದದ್ದು. ಅದೇ ವಿಳಾಸ, ಅದೇ ಫೋನು. ಎರಡನೆಯದರ ತೆರಿಗೆ ನಂಬರಿನ ಜಾಗ ಖಾಲಿ. ಹಳೆಯ ಸಾಫ್ಟ್‌ವೇರಿನಿಂದ ಹೊಸದಕ್ಕೆ ದಾಖಲೆಗಳನ್ನು ಸಾಗಿಸಿದಾಗ ಅನೇಕರದ್ದು ಹೀಗೇ ಉದುರಿಹೋಗಿತ್ತು. ಬ್ಯಾಂಕ್ ಖಾತೆಗಳು ಮಾತ್ರ ಬೇರೆಬೇರೆ.

ಜರಡಿ ನಕ್ಕಳು.

"ಏನು, ಯಾರಾದ್ರೂ ಸಿಕ್ಕಿದ್ರಾ?" ಎಂದರು ಚಾಳೀಸು, ಪಕ್ಕದ ಮೇಜಿನಿಂದ.

"ಮಾಸ್ಕ್‌ನೋನ ತಮ್ಮ. ಇವನೂ ನ್ಯೂ. ಆದ್ರೆ ಇವನು ಬುದ್ಧಿವಂತ, ಬ್ಯಾಂಕ್ ಬದಲಾಯ್ಸಿದಾನೆ. ವಿಳಾಸ ಮರೆತಿದಾನೆ."

"ಎಲ್ಲಾರೂ ಒಂದೊಂದು ಮರೀತಾರೆ. ನಾನು ಊಟದ ಡಬ್ಬಿ ಮರೆತು ಬಂದಿದೀನಿ."

ಬಿಲ್ಲಿನ ಪ್ರತಿ ತೆಗೆಯಲು ಮೂರು ಕಡೆ ಒತ್ತಬೇಕಿತ್ತು. ಆವತ್ತು ಅದು ನಿಧಾನವಾಗಿತ್ತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಅವಳು ಒತ್ತಲಿಲ್ಲ. ಬ್ಯಾಂಕ್ ಖಾತೆ ಬೇರೆ ಇರುವುದು ಎರಡು ಬೇರೆ ಜನ ಎನ್ನುವುದಕ್ಕೆ ಸಾಕ್ಷಿಯಾಗಬಹುದಿತ್ತು. ಅವಳಿಗೆ ಅದು ಕಳ್ಳನ ಜಾಣತನಕ್ಕೆ ಸಾಕ್ಷಿಯಾಗಿ ಕಂಡಿತು. ಎರಡೂ ದಾಖಲೆಗಳನ್ನು ಆಯ್ದು, ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಅದರೊಳಗೆ ಸೇರಿಸುವಂತೆ ಗುರುತು ಹಾಕಿದಳು. ಇಂಥದ್ದಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕು, ಅದು ಚಾಳೀಸರದ್ದು.

"ನೋಡಿದೀಯ ತಾನೆ?" ಎಂದರು ಅವರು.

"ನೋಡಿದೀನಿ."

ಅವರು ಕನ್ನಡಕ ಸರಿಮಾಡಿಕೊಳ್ಳದೆಯೇ ಒಪ್ಪಿಗೆ ಒತ್ತಿದರು. ಇನ್ನು ಮೇಲೆ ಎರಡೂ ಬಿಳಿಹಕ್ಕಿಗಳಿಗೆ ಒಂದೇ ನಂಬರು, ಆ ನಂಬರಿಗೆ ತಡೆ. ಹೊಸದರ ಹೆಸರಿನಲ್ಲಿದ್ದ ಆರ್ಡರುಗಳು, ಬಾಕಿ ಬಿಲ್ಲುಗಳು ಎಲ್ಲ ಹಳೆಯದರ ಕೆಳಗೆ ಹೋಗಿ ಹೆಪ್ಪುಗಟ್ಟಿ ಕೂತವು. ಜರಡಿ ಖರೀದಿ ವಿಭಾಗಕ್ಕೂ ಸ್ಟೋರಿಗೂ ಒಂದು ಮೇಲ್ ಕಳಿಸಿದಳು: ತಡೆಹಿಡಿದ ಸರಬರಾಜುದಾರ ಹೆಸರು ತಿರುಚಿಕೊಂಡು ಮತ್ತೆ ಬಂದಿದ್ದಾನೆ, ಮಾಲು ಒಳಗೆ ಬಿಡಬಾರದು. 'ತಿರುಚಿಕೊಂಡು' ಎನ್ನುವ ಮಾತು ಬರೆಯುವಾಗ ಅವಳಿಗೆ ಖುಷಿಯೇ ಆಗಿತ್ತು. ಮ್ಯಾನೇಜರು ಆ ಮೇಲಿಗೆ ಹೆಬ್ಬೆರಳಿನ ಚಿತ್ರ ಕಳಿಸಿದರು.

ಜರಡಿಯ ಅಣ್ಣ ಲಾರಿ ಓಡಿಸುತ್ತಿದ್ದುದರಿಂದ ಮನೆಯಲ್ಲಿ ಹೆಚ್ಚಾಗಿ ಇರುತ್ತಿದ್ದವರು ಅತ್ತಿಗೆ, ನಾದಿನಿ ಇಬ್ಬರೇ. ಅತ್ತಿಗೆ ಅದೇ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸು. ಅವಳು ಡ್ಯೂಟಿ ಮುಗಿಸಿ ಬಂದು ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಳೆಂದರೆ ಇಡೀ ಆಸ್ಪತ್ರೆಯ ಸುದ್ದಿ ಅಡುಗೆಮನೆಗೆ ಬಂದಂತೆ.

"ಹೊದಿಕೆ ಇಲ್ಲ ಕಣೇ," ಎಂದಳು ಆ ವಾರ ಒಂದು ಸಂಜೆ. "ಬಾಣಂತೀರಿಗೆ ಅರ್ಧ ಹರಿದದ್ದು ಹಾಸ್ತಾ ಇದೀವಿ. ಒಬ್ಬಳು ಮನೆಯಿಂದ ತನ್ನ ಸೀರೆ ತರಿಸ್ಕೊಂಡು ಹಾಸಿದ್ಲು. ಸ್ಟೋರಿಗೆ ಫೋನ್ ಮಾಡಿದ್ರೆ ಮಾಲು ನಿಲ್ಸಿದೀವಿ ಅಂತಾನೆ."

"ಅದು ಕಳ್ಳ ಮಾಲು ಅತ್ತಿಗೆ. ನಾನೇ ಹಿಡಿದಿದ್ದು."

"ನೀನಾ?" ಅತ್ತಿಗೆ ಬಕೆಟ್ಟಿನಿಂದ ಒಂದು ಕಾಲೆತ್ತಿ ಹಿಮ್ಮಡಿ ಒರೆಸಿಕೊಂಡಳು. "ಆ ಹೆಂಗಸು ಕಳ್ಳಿ ಥರ ಕಾಣ್ಲಿಲ್ಲಪ್ಪ."

"ಯಾವ ಹೆಂಗಸು?"

"ವ್ಯಾನ್ ತಗೊಂಡು ಬಂದಿದ್ಲಲ್ಲ. ನಾನು ಹೊದಿಕೆ ಕೇಳೋಕೆ ಕೆಳಗೆ ಬಂದಿದ್ದೆ. ಸ್ಟೋರ್‌ನೋನು ಅವಳ ಗಂಟು ಬಿಚ್ಚಿ, ಒಂದೊಂದೇ ಕೊಡವಿ, ನೆಲಕ್ಕೆ ಹಾಕ್ತಾ ಇದ್ದ. ಹೆಸರು ಬದಲಾಯ್ಸಿದ್ರೆ ಮುಖ ಬದಲಾಗುತ್ತಾ ಅಂತ ಕೇಳ್ದ. ಲಾಂಡ್ರಿ ಹುಡುಗೀರು ನಕ್ಕರು. ಅವಳು ನೆಲದಿಂದ ಹೆಕ್ಕಿ ಹೆಕ್ಕಿ ಮಡಿಸಿದ್ಲು."

"ಅಲ್ಲ, ಅದು ಗಂಡಸಿಂದು..." ಎಂದಳು ಜರಡಿ. ದಾಖಲೆಯಲ್ಲಿ ಗಂಡಸೆಂದು ಎಲ್ಲಿಯೂ ಬರೆದಿರಲಿಲ್ಲ. ಮಾಸ್ಕಿನವನ ಮುಖವನ್ನೇ ಅವಳು ಇವನಿಗೂ ಅಂಟಿಸಿಕೊಂಡಿದ್ದಳು.

"ಎರಡು ವರ್ಷದಿಂದ ಅವಳ ಹೊದಿಕೇನೇ ಹಾಸ್ತಾ ಇದೀವಿ. ಒಂದು ಹೊಲಿಗೆ ಬಿಟ್ಟಿದ್ದು ನಾ ಕಾಣೆ. ಅದ್ಕೂ ಮುಂಚಿಂದು ಬಿಡು, ನೀಲಿ ಬಣ್ಣ ಬಿಟ್ಟು ಎಳೆ ಮಗು ಬೆನ್ನೆಲ್ಲ ನೀಲಿ ಆಗಿತ್ತು. ಡಾಕ್ಟ್ರು ಹೆದರ್ಕೊಂಡು ಓಡಿ ಬಂದಿದ್ರು." ಅತ್ತಿಗೆ ಆ ನೆನಪಿಗೆ ನಕ್ಕಳು. ನಾದಿನಿ ನಗಲಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಬರುವ ಮುಂಚೆ ಹೋಗಿ ಕೂತಳು. ಮೂರು ಕಡೆ ಒತ್ತಿದಳು. ಚಕ್ರ ತಿರುಗಿತು, ನಿಂತಿತು, ಬಿಲ್ಲು ಬಂತು.

ಹಳೆಯ ಬಿಲ್ ಪುಸ್ತಕದ ಹಾಳೆ. ಮೇಲೆ ಅಚ್ಚಾಗಿದ್ದದ್ದು ಬಿಳಿಹಕ್ಕಿ ಲಿನನ್, ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಸಣ್ಣ ಹಕ್ಕಿ. ಹೆಸರಿನ ಮುಂದೆ ಸೊಟ್ಟಗೆ ಒಂದು ರಬ್ಬರ್ ಮೊಹರು: ನ್ಯೂ. ಅಚ್ಚಾಗಿದ್ದ ತೆರಿಗೆ ನಂಬರಿನ ಮೇಲೆ ಅಡ್ಡಗೆರೆ ಎಳೆದು ಅದರ ಕೆಳಗೆ ಇನ್ನೊಂದು ಮೊಹರಿನಲ್ಲಿ ಬೇರೆಯ ನಂಬರು. ಸ್ಪಷ್ಟವಾಗಿತ್ತು. ಕುರುಡನೂ ತಡವಿ ಓದಬಹುದಿತ್ತು. ಅವಳು ಹಿಂದಿನ ತಿಂಗಳ ಬಿಲ್ಲು ತೆಗೆದಳು, ಅದರ ಹಿಂದಿನದು, ಅದರ ಹಿಂದಿನದು. ಎಲ್ಲದರಲ್ಲೂ ಅದೇ ಮೊಹರು, ಅದೇ ನಂಬರು. ತಡೆಹಿಡಿದ ದಾಖಲೆಯ ತೆರಿಗೆ ನಂಬರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ದಾಖಲೆಯಲ್ಲಿದ್ದ ಫೋನಿಗೆ ಕರೆ ಮಾಡಿದಳು. ಗಂಡಸೊಬ್ಬ ಎತ್ತಿದ.

"ನ್ಯೂ ಬಿಳಿಹಕ್ಕಿನಾ?"

"ಅದು ನನ್ನ ತಂಗೀದು. ನಂದು ಬರೀ ಬಿಳಿಹಕ್ಕಿ. ಯಾರು ಮಾತಾಡೋದು?"

ಆಸ್ಪತ್ರೆ ಎಂದಳು. ಆಚೆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಪ್ಪ ಹೋದ್ಮೇಲೆ ಶೆಡ್ಡಿಗೆ ನಡುವೆ ಗೋಡೆ ಹಾಕಿದ್ವಿ. ಈ ಕಡೆ ನಂದು, ಆ ಕಡೆ ಅವಳ್ದು. ಬಾಗ್ಲು ಒಂದೇ, ಫೋನೂ ಒಂದೇ, ಅದು ನನ್ನ ಕಡೆ ಉಳೀತು. ಉಳಿದ ಬಿಲ್ ಪುಸ್ತಕ ಅವಳು ತಗೊಂಡ್ಲು. ಸುಮ್ನೆ ಯಾಕೆ ಎಸೀಬೇಕು ಅಂತ." ಅವನು ಗಂಟಲು ಸರಿಮಾಡಿಕೊಂಡ. "ನಾನು ಅಗ್ಗದ ಬಟ್ಟೆ ತಂದು ನಿಮ್ಮತ್ರ ಮುಖಕ್ಕೆ ಮಸಿ ಬಳ್ಕೊಂಡಿದ್ದು ಗೊತ್ತು. ಆ ಮಸೀನ ಅವಳ ಮುಖಕ್ಕೂ ಬಳಿದ್ರಾ? ಮೂರು ದಿನದಿಂದ ಗೋಡೆ ಆಚೆ ಮೆಷಿನ್ ಸದ್ದಿಲ್ಲ. ನನ್ ಜೊತೆ ಅವಳು ಮಾತಾಡಲ್ಲ, ನಾನ್ ಕೇಳೋ ಹಾಗಿಲ್ಲ."

"ಸರಿಮಾಡ್ತೀವಿ," ಎಂದಳು ಜರಡಿ. ಫೋನಿಟ್ಟ ಮೇಲೂ ಕೈ ಅದರ ಮೇಲೇ ಇತ್ತು. ಎದುರಿಗೆ ಗೋಡೆಯ ಮೇಲಿನ ಹಾಳೆ. ಅದರ ಒಂದೊಂದು ಸಾಲನ್ನೂ ಅವಳು ತುಳಿದು ದಾಟಿದ್ದಳು.

ಸರಿಮಾಡುವುದು ಅಷ್ಟು ಸಲೀಸಲ್ಲ. ಸೇರಿಸಿದ ದಾಖಲೆಗಳನ್ನು ಮತ್ತೆ ಬಿಡಿಸುವ ಗುಂಡಿ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ನ್ಯೂ ಬಿಳಿಹಕ್ಕಿಗೆ ಮೊದಲಿದ್ದ ನಂಬರು ಸತ್ತಂತೆಯೇ. ಹೊಸ ದಾಖಲೆ ತೆರೆಯಬೇಕು, ತೆರಿಗೆ ನಂಬರು, ಬ್ಯಾಂಕಿನ ಪತ್ರ ಲಗತ್ತಿಸಬೇಕು, ಯಾವ ಬಿಲ್ಲು, ಯಾವ ಆರ್ಡರು ಯಾರದ್ದೆಂದು ಒಂದೊಂದಾಗಿ ಆರಿಸಿ ಸಾಗಿಸಬೇಕು, ಮ್ಯಾನೇಜರ ಒಪ್ಪಿಗೆ ಬೇಕು. ಎಲ್ಲಕ್ಕಿಂತ ಮೊದಲು ಕಾರಣ ಹೇಳಬೇಕು. ಕಾರಣಗಳು ಪಟ್ಟಿಯಲ್ಲಿ ಸಿದ್ಧವಾಗಿದ್ದವು, ಒಂದನ್ನು ಆರಿಸಬೇಕಷ್ಟೆ. ಒಂದು, 'ತಪ್ಪಾಗಿ ಸೇರಿಸಲಾಗಿದೆ: ಕಚೇರಿಯ ದೋಷ'. ಅದರ ಕೆಳಗಿನದು, 'ಸರಬರಾಜುದಾರರ ದಾಖಲೆ ಅಪೂರ್ಣ'.

ತೆರಿಗೆ ನಂಬರು ಖಾಲಿ ಇತ್ತಲ್ಲ, ಎಂದುಕೊಂಡಳು. ಅಪೂರ್ಣವೇ ಅಲ್ಲವೇ. ಆ ಖಾಲಿಯನ್ನು ಮಾಡಿದ್ದು ಆಸ್ಪತ್ರೆಯದೇ ಸಾಫ್ಟ್‌ವೇರು ಎನ್ನುವುದು ಗೊತ್ತಿದ್ದೂ ಹಾಗೆಂದುಕೊಂಡಳು. ಆಡಿಟಿನವರು 'ಕಚೇರಿಯ ದೋಷ' ಎನ್ನುವ ಸಾಲನ್ನು ಹುಡುಕಿ ಹುಡುಕಿ ಓದುತ್ತಾರೆ. ಫಲಕದಲ್ಲಿ ಫೋಟೋ ಇನ್ನೂ ಇತ್ತು. ಬೆರಳು ಎರಡನೆಯದನ್ನು ಒತ್ತಿತು.

ಚಾಳೀಸು ಬಂದು ಪರದೆ ನೋಡಿದರು. ಈ ಸಲ ಕನ್ನಡಕ ಸರಿಮಾಡಿಕೊಂಡು ಓದಿದರು.

"ಅವಳ ಕಡೆಯಿಂದ ಏನ್ ಅಪೂರ್ಣ ಇತ್ತು?"

"ನಂಬರ್ ಇರ್ಲಿಲ್ಲ."

"ಬಿಲ್ಲಲ್ಲಿ?"

ಅವಳು ತೆರೆದಿದ್ದ ಬಿಲ್ಲನ್ನು ಪರದೆಯಿಂದ ಮುಚ್ಚಿದಳು. ಅವರು ಮತ್ತೆ ಕೇಳಲಿಲ್ಲ. ಒಪ್ಪಿಗೆ ಒತ್ತಿದ ಬೆರಳು ಅವರದೂ ಆಗಿತ್ತು. "ಚಹ ಕುಡೀತೀಯಾ?" ಎಂದರು. ಅವರು ಹಾಗೆ ಕೇಳಿದ್ದೇ ಅವಳಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ಎಂದೂ ಯಾರಿಗೂ ಚಹ ಕೊಡಿಸಿದವರಲ್ಲ.

ಮ್ಯಾನೇಜರು ಸಹಿ ಹಾಕಿದರು. ಹೆಂಗಸಿಗೆ ಪತ್ರ ಹೋಯಿತು: ನಿಮ್ಮ ದಾಖಲೆ ಅಪೂರ್ಣವಾಗಿದ್ದ ಕಾರಣ ಸರಬರಾಜು ತಡೆಹಿಡಿಯಲಾಗಿತ್ತು, ಮೂಲ ಪತ್ರಗಳೊಂದಿಗೆ ಬನ್ನಿ. ಪತ್ರದ ಒಕ್ಕಣೆ ಮೊದಲೇ ಸಿದ್ಧವಿದ್ದದ್ದು, ಜರಡಿ ಒಂದಕ್ಷರ ಬರೆಯಬೇಕಾಗಿರಲಿಲ್ಲ. ಅದರಿಂದ ಅವಳಿಗೆ ಸ್ವಲ್ಪ ಸಮಾಧಾನವೇ ಆಯಿತು.

ಆ ಹೆಂಗಸು ಬಂದದ್ದು ಮುಂದಿನ ವಾರದ ಮೊದಲಲ್ಲಿ. ನಲವತ್ತರ ಆಸುಪಾಸು, ತೋರುಬೆರಳಿಗೆ ಬಟ್ಟೆ ಸುತ್ತಿದ್ದಳು, ಸೂಜಿ ಚುಚ್ಚಿಕೊಂಡಿರಬೇಕು. ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ, ಅದನ್ನು ಇನ್ನೊಂದು ಬಟ್ಟೆಯ ಚೀಲದಲ್ಲಿ ಇಟ್ಟು ತಂದಿದ್ದಳು. ಜರಡಿ ಒಂದೊಂದನ್ನೂ ತೆಗೆದುಕೊಂಡು ಪ್ರತಿಯ ಮೇಲೆ 'ಮೂಲ ನೋಡಲಾಗಿದೆ' ಎಂಬ ಮೊಹರು ಒತ್ತಿದಳು. ಹೊಸ ಇಂಕು, ಬೆರಳಿಗೆಲ್ಲ ನೇರಳೆ ಅಂಟಿತು. ತಲೆಯೆತ್ತದೆ ಕೆಲಸ ಮಾಡಲು ಅದೊಂದು ನೆಪವಾಯಿತು.

"ನನ್ನಿಂದ ನಿಮಗೆಲ್ಲ ತೊಂದ್ರೆ ಆಯ್ತು ಮೇಡಂ," ಎಂದಳು ಹೆಂಗಸು.

ಜರಡಿಯ ಕೈ ಮೊಹರಿನ ಮೇಲೆ ನಿಂತಿತು.

"ಹಳೇ ಬಿಲ್ ಪುಸ್ತಕ ಬಳಸಬಾರ್ದಿತ್ತು. ಮುಗಿಸ್ಬಿಡೋಣ ಅನ್ನೋ ದುರಾಸೆ. ನಮ್ಮಣ್ಣನ ಬಟ್ಟೆ ಬಣ್ಣ ಬಿಟ್ಟಾಗ್ಲೇ ನಾನು ಎಚ್ಚರ ಆಗ್ಬೇಕಿತ್ತು. ಆ ಹೆಸರು ಕಂಡ್ರೆ ಯಾರಿಗಾದ್ರೂ ಅನುಮಾನ ಬರೋದೇ. ಸ್ಟೋರಲ್ಲಿ ಅವರು ಹಾಗಂದಾಗ ನಂಗೆ ಸಿಟ್ಟು ಬಂದಿತ್ತು. ನಿಮ್ಮ ಪತ್ರ ಬಂದ್ಮೇಲೆ ಗೊತ್ತಾಯ್ತು, ತಪ್ಪು ನಂದೇ ಅಂತ."

ಲಾಂಡ್ರಿಯ ಯಂತ್ರ ವೇಗ ಹಿಡಿಯಿತು. ಮೇಜು ಸಣ್ಣಗೆ ನಡುಗಿತು. ಚಾಳೀಸು ತಮ್ಮ ಮೇಜಿನಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದರು.

"ಖರೀದಿಯವರು ಇನ್ನು ಆರು ತಿಂಗಳು ಪ್ರತಿ ಗಂಟೂ ಬಿಚ್ಚಿ ನೋಡ್ತಾರಂತೆ. ದಾಖಲೆ ಸರಿ ಇಲ್ದೋರಿಗೆ ಹಾಗೇನಂತೆ. ಒಂದು ಕಲೆ ಇದ್ರೂ ಇಡೀ ಗಂಟು ವಾಪಸ್. ಅರ್ಧ ಆರ್ಡರ್ ಬೇರೆಯೋರಿಗೆ ಕೊಟ್ಬಿಟ್ಟಿದಾರೆ. ಅದು ಬಿಡಿ. ಇಬ್ರು ಹೊಲಿಯೋರನ್ನ ಬೇಡ ಅಂದೆ, ಇನ್ನಿಬ್ರನ್ನ ಉಳಿಸ್ಕೊಂಡೆ, ಹೇಗೋ ಆಗುತ್ತೆ." ಅವಳು ಚೀಲದಿಂದ ಇನ್ನೊಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ತೆರಿಗೆ ಇಲಾಖೆಯ ಅರ್ಜಿ. ವ್ಯಾಪಾರದ ಹೆಸರು ಬದಲಾವಣೆಗೆ. ಎಲ್ಲ ತುಂಬಿತ್ತು, ಹೊಸ ಹೆಸರಿನ ಜಾಗ ಮಾತ್ರ ಖಾಲಿ.

"ಇದೊಂದು ಸಹಾಯ ಮಾಡಿ. ನಿಮ್ಮ ಕಂಪ್ಯೂಟ್ರಲ್ಲಿ ಎಲ್ರ ಹೆಸ್ರೂ ಇರುತ್ತಲ್ಲ. ಯಾರ ಹೆಸರಿಗೂ ಹೋಲದೇ ಇರೋ ಹೆಸರು ಒಂದು ನೀವೇ ಹೇಳಿ. ನೋಡಿ ಹೇಳಿ. ಇನ್ನೊಂದ್ಸಲ ಹೀಗಾಗಬಾರ್ದು."

"ಬಿಳಿಹಕ್ಕಿ ಬೇಡ್ವಾ?" ಎಂದಳು ಜರಡಿ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

"ನಮ್ಮಪ್ಪ ಇಟ್ಟಿದ್ದು. ಆ ಹಕ್ಕಿ ಚಿತ್ರ ಅವ್ರೇ ಬರ್ದಿದ್ದು, ಕೊಕ್ಕು ಸ್ವಲ್ಪ ಬಾತುಕೋಳಿ ಥರ ಆಗಿದೆ." ಹೆಂಗಸು ನಕ್ಕಳು. "ಪಾಲಾಗುವಾಗ ನಂಗೆ ಬೇರೇನೂ ಬೇಡ, ಹೆಸರಲ್ಲಿ ಪಾಲು ಕೊಡು ಅಂತ ಅಣ್ಣನ ಹತ್ರ ಹಟ ಮಾಡಿದ್ದೆ. ನ್ಯೂ ಅಂತ ಹಾಕ್ಕೋ ಅಂದ. ಇರ್ಲಿ ಬಿಡಿ. ಹೆಸರು ಹಿಡ್ಕೊಂಡು ಏನ್ ಮಾಡೋದು, ಕೆಲಸ ಇರಬೇಕಲ್ಲ."

ಜರಡಿ ಹುಡುಕುವ ಜಾಗದಲ್ಲಿ ಏನೋ ಒಂದು ಹೆಸರು ಟೈಪು ಹೊಡೆದೂಬಿಟ್ಟಳು. ಅದು ಅವಳನ್ನು ಆಮೇಲೆ ಎಷ್ಟೋ ದಿನ ಕಾಡಿತು: ನಿಜವಾಗಿಯೂ ಹೊಡೆದಳು. 'ಯಾವ ದಾಖಲೆಯೂ ಹೋಲುವುದಿಲ್ಲ' ಎಂದು ಪರದೆ ಹೇಳಿತು. ಹೆಂಗಸು ಕತ್ತು ಚಾಚಿ ನೋಡಿದಳು, ಪೆನ್ನು ತೆರೆದಳು.

"ಬರೀಬೇಡಿ," ಎಂದಳು ಜರಡಿ.

"ಯಾಕೆ, ಯಾರಾದ್ರೂ ಇದಾರಾ?"

"ಇಲ್ಲ. ನಿಮ್ಮ ದಾಖಲೆ ಸರಿಯಾಗೇ ಇತ್ತು. ನಂಬರ್ ಬಿಲ್ಲಲ್ಲೇ ಇತ್ತು, ಎಲ್ಲಾ ಬಿಲ್ಲಲ್ಲೂ ಇತ್ತು. ನಾನು ಬಿಲ್ ತೆಗೆದು ನೋಡ್ಲಿಲ್ಲ. ನೋಡದೇನೇ ನಿಮ್ಮನ್ನ ನಿಮ್ಮಣ್ಣನ ಜೊತೆ ಸೇರಿಸ್ಬಿಟ್ಟೆ. ಸ್ಟೋರಿಗೆ ಮೇಲ್ ಬರ್ದಿದ್ದೂ ನಾನೇ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. "ಗೊತ್ತಾದ್ಮೇಲೆ ಕಾರಣ ನಿಮ್ಮ ಮೇಲೆ ಹಾಕಿದ್ದೂ ನಾನೇ. ಆ ಪತ್ರ ಸುಳ್ಳು."

ಹೆಂಗಸು ಪೆನ್ನಿನ ಮುಚ್ಚಳ ಹಾಕಿದಳು. ಬೈಯಬಹುದು ಎಂದು ಜರಡಿ ಕಾದಳು. ಬೈದರೆ ಸ್ವಲ್ಪ ಹಗುರವಾದೀತೆಂದು ಆಸೆಯಿಂದಲೇ ಕಾದಳು. ಹೆಂಗಸು ಅರ್ಜಿಯನ್ನು ಮಡಿಸಿ ಪ್ಲಾಸ್ಟಿಕ್ ಚೀಲಕ್ಕೆ, ಅದನ್ನು ಬಟ್ಟೆಯ ಚೀಲಕ್ಕೆ ಹಾಕಿದಳು.

"ವ್ಯಾನು ಸ್ಟೋರ್ ಬಾಗ್ಲಲ್ಲಿ ನಿಂತಿದೆ," ಎಂದಳು. "ಇವತ್ತಿಂದ ಮಾಲು ತಗೋತೀವಿ ಅಂದಿದ್ರು. ಇದನ್ನ ಅಲ್ಲಿ ಬಂದು ಹೇಳ್ತೀರಾ?"

"ಸ್ಟೋರಿಗೆ ಈಗ್ಲೇ ಮೇಲ್ ಹಾಕ್ತೀನಿ. ಖರೀದಿಗೂ."

"ಮೇಲ್ ಬೇಡ. ನನ್ನನ್ನ ಅವರು ಮೇಲಲ್ಲಿ ಅನ್ಲಿಲ್ಲ."

ಇಬ್ಬರೂ ಹೊರಟರು. ಸ್ಟೋರಿಗೆ ಹೋಗುವ ಓಣಿಯಲ್ಲಿ ಒದ್ದೆ ಬಟ್ಟೆಯ ಗಾಡಿಗಳು ಸಾಲಾಗಿ ನಿಂತಿದ್ದವು. ಹೆಂಗಸು ಮುಂದೆ, ಜರಡಿ ಹಿಂದೆ. ಸೂಚನಾ ಫಲಕ ದಾಟುವಾಗ ಜರಡಿ ಆ ಕಡೆ ನೋಡಲಿಲ್ಲ.

ಸ್ಟೋರಿನವನು ಹೊಟ್ಟೆಯನ್ನು ಮೇಜಿನ ಮೇಲೆ ಇಳಿಬಿಟ್ಟು ಕೂತಿದ್ದ. ಲಾಂಡ್ರಿಯ ನಾಲ್ಕೈದು ಹುಡುಗಿಯರು ಗಾಡಿಗೆ ಒರಗಿ ಬನ್ ತಿನ್ನುತ್ತಿದ್ದರು. "ಬನ್ನಿ ಬನ್ನಿ, ಈ ಸಲ ಯಾವ ಹೆಸ್ರಲ್ಲಿ ಬಂದ್ರಿ?" ಎಂದ, ಹೆಂಗಸನ್ನು ನೋಡಿ. ಹಿಂದೆ ಜರಡಿಯನ್ನು ಕಂಡು ಇನ್ನಷ್ಟು ಹುರುಪು ಬಂತು. "ಓ, ಜರಡಿ ಮೇಡಮ್ಮೇ ಹಿಡ್ಕೊಂಡು ಬಂದಿದಾರೆ."

ಹೆಂಗಸು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಇವರು ಹೆಸರು ಬದಲಾಯ್ಸಿರ್ಲಿಲ್ಲ," ಎಂದಳು ಜರಡಿ. ದನಿ ಸಾಲದಾಯಿತು, ಯಂತ್ರಗಳ ಸದ್ದು. ಇನ್ನೊಮ್ಮೆ ಹೇಳಬೇಕಾಯಿತು, ಜೋರಾಗಿ. "ಇವರು ಯಾವ ಮೋಸಾನೂ ಮಾಡಿಲ್ಲ. ಬಣ್ಣ ಬಿಟ್ಟ ಮಾಲು ಇವರದ್ದಲ್ಲ. ಎರಡು ಬೇರೆ ಬೇರೆ ಅಂಗಡಿ. ನಾನು ಪರೀಕ್ಷೆ ಮಾಡ್ದೆ ಒಂದೇ ಅಂತ ಬರ್ದೆ. ತಪ್ಪು ನಂದು."

ಸ್ಟೋರಿನವನ ನಗು ಮುಖದ ಮೇಲೆಯೇ ಉಳಿದು ದಿಕ್ಕು ತೋಚದೆ ನಿಂತಿತು. ಹುಡುಗಿಯರಲ್ಲಿ ಒಬ್ಬಳು ಬನ್ ಅಗಿಯುವುದನ್ನು ನಿಲ್ಲಿಸಿದಳು. ಇನ್ನೊಬ್ಬಳು ಪಿಸುದನಿಯಲ್ಲಿ ಏನೋ ಅಂದಳು, ಮೂರನೆಯವಳು ಅವಳ ಪಕ್ಕೆಗೆ ತಿವಿದಳು.

"ಅಯ್ಯೋ, ಹಾಗಾದ್ರೆ ನಾನು ಸುಮ್ಸುಮ್ನೆ..." ಸ್ಟೋರಿನವನು ತಲೆ ಕೆರೆದುಕೊಂಡ. "ನಂಗೇನ್ ಗೊತ್ತಮ್ಮ, ಇವ್ರು ಬರ್ದಿದ್ರು, ನಾನ್ ಅಂದೆ." ಅಷ್ಟರಲ್ಲಿ ಅವನು ಕೈ ತೊಳೆದುಕೊಂಡಾಗಿತ್ತು. ಅವನು ಹೇಳಿದ್ದು ನಿಜವೂ ಆಗಿತ್ತು.

ಹೆಂಗಸು ವ್ಯಾನಿನ ಹಿಂಬಾಗಿಲು ತೆಗೆದು ಗಂಟುಗಳನ್ನು ಇಳಿಸತೊಡಗಿದಳು. ಸ್ವಚ್ಛ ಬಿಳಿ, ಅಂಚಿಗೆ ಎರಡೆರಡು ಸಾಲು ಹೊಲಿಗೆ. ಡ್ರೈವರು ಒಂದು ಹೊತ್ತ, ಅವಳೊಂದು ಹೊತ್ತಳು. ಜರಡಿಗೆ ಅಲ್ಲಿಂದ ಹೋಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮುಂದೆ ಹೋಗಿ ಒಂದು ಗಂಟಿಗೆ ಕೈ ಚಾಚಿದಳು.

"ಬೇಡ," ಎಂದಳು ಹೆಂಗಸು, ಗಂಟನ್ನು ತನ್ನ ಕಡೆ ಎಳೆದುಕೊಂಡು. "ನಿಮ್ಮ ಕೈ ನೋಡ್ಕೊಳಿ. ಕಲೆ ಆದ್ರೆ ವಾಪಸ್ ಮಾಡ್ತಾರೆ."

ಜರಡಿ ಕೈ ನೋಡಿಕೊಂಡಳು. ಮೊಹರಿನ ನೇರಳೆ ಇಂಕು ಐದೂ ಬೆರಳಿಗೆ ಹತ್ತಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೊನೆಯ ಗಂಟು ಇಳಿಯುವವರೆಗೂ ಅಲ್ಲೇ ನಿಂತಳು. ಸ್ಟೋರಿನವನು ಸಹಿ ಹಾಕಿದ. ವ್ಯಾನು ಹೋಯಿತು.

ವಾಪಸ್ಸು ಬಂದಾಗ ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದರು. ಸುದ್ದಿ ಅವಳಿಗಿಂತ ಮೊದಲೇ ಓಣಿ ದಾಟಿತ್ತು.

"ಕಾರಣ ಬದಲಾಯ್ಸಬೇಕು ಸರ್," ಎಂದಳು. "ಕಚೇರಿಯ ದೋಷ ಅಂತ. ಖರೀದಿಯವರಿಗೂ ಹೇಳಿ, ನ್ಯೂ ಬಿಳಿಹಕ್ಕಿ ಮೇಲಿನ ತಪಾಸಣೆ ತೆಗೀಬೇಕು."

"ಆಡಿಟಲ್ಲಿ ಬರುತ್ತೆ, ಗೊತ್ತಲ್ಲ?"

"ಗೊತ್ತು."

"ಅರ್ಧ ಆರ್ಡರ್ ವಾಪಸ್ ಬರಲ್ಲ. ಅದು ಬೇರೆಯೋರಿಗೆ ಸಹಿ ಆಗಿಹೋಗಿದೆ."

"ಅದೂ ಗೊತ್ತು."

ಅವರು ನಿಟ್ಟುಸಿರುಬಿಟ್ಟು ಒಳಗೆ ಹೋದರು. ಇನ್ನೂ ಎಷ್ಟಿದೆ ಎಂದು ಆವತ್ತು ಕೇಳಲಿಲ್ಲ.

ಜರಡಿ ಕೂತು ಕಾರಣ ತಿದ್ದಿದಳು. ಆಮೇಲೆ ಕಂಪ್ಯೂಟರಿನ ಅನುಮಾನದ ಪಟ್ಟಿಯಲ್ಲಿ ತಾನು ಅದುವರೆಗೆ ಸೇರಿಸಿ ಮುಗಿಸಿದ್ದ ಜೋಡಿಗಳನ್ನೆಲ್ಲ ಮೊದಲಿನಿಂದ ತೆರೆದು, ಒಂದೊಂದಕ್ಕೂ ಮೂರು ಕಡೆ ಒತ್ತತೊಡಗಿದಳು. ಚಕ್ರ ತಿರುಗುತ್ತಿತ್ತು. ಪಕ್ಕದ ಮೇಜಿನಿಂದ ಚಾಳೀಸು ತಮ್ಮ ಕುರ್ಚಿ ಎಳೆದುಕೊಂಡು ಬಂದು ಅವಳ ಪಕ್ಕ ಕೂತರು, ಕನ್ನಡಕ ಮೂಗಿನ ಮೇಲಕ್ಕೆ ಏರಿಸಿದರು.

"ನಂಬರ್ ಓದು," ಎಂದರು. "ನಾನು ಬಿಲ್ ನೋಡ್ತೀನಿ."

ಅವಳು ಓದಿದಳು. ಜರಡಿ ಎಂದು ಅವರು ಕರೆಯಲಿಲ್ಲ. ಕರೆಯಬಾರದೆಂದು ಅವಳು ಹೇಳಿರಲಿಲ್ಲ.